ಟ್ರಿಮ್ ಶೀಟ್ ದೋಷ ನಿವಾರಣೆ: ಶೀಟಿಗೆ ಕೈ ಹಚ್ಚುವ ಮೊದಲು ನೋಡಬೇಕಾದುದು

ಆಟದ ದೃಶ್ಯವೊಂದರಲ್ಲಿ ಗೋಡೆ, ಕಂಬ, ಬಾಗಿಲ ಚೌಕಟ್ಟು, ಮೆಟ್ಟಿಲಿನಂತಹ ಹತ್ತಾರು ಮಾಡ್ಯೂಲ್‌ಗಳು ಹಲವು ಪಟ್ಟಿಗಳನ್ನು ಜೋಡಿಸಿದ ಒಂದೇ ಚಿತ್ರದಿಂದ, ಅಂದರೆ ಒಂದೇ ಟ್ರಿಮ್ ಶೀಟಿನಿಂದ, ಬಣ್ಣ ಮತ್ತು ಉಬ್ಬುತಗ್ಗುಗಳನ್ನು ಪಡೆಯುತ್ತಿರುವಾಗ, ಶೀಟಿನಲ್ಲಿ ಮಾಡುವ ಒಂದೇ ಒಂದು ಬದಲಾವಣೆ ಎಲ್ಲ ಮಾಡ್ಯೂಲ್‌ಗಳಿಗೂ ಏಕಕಾಲದಲ್ಲಿ ತಟ್ಟುತ್ತದೆ. ಇದೇ ಕಾರಣಕ್ಕೆ ದೋಷ ಕಂಡ ಕೂಡಲೇ ಚಿತ್ರ ತೆರೆದು ತಿದ್ದತೊಡಗುವುದು ತಪ್ಪು ಕ್ರಮ. ನನ್ನ ಅನುಭವದಲ್ಲಿ ಶೀಟಿನ ತಪ್ಪೆಂದು ಹೇಳಲಾದ ದೋಷಗಳಲ್ಲಿ ಹೆಚ್ಚಿನವು ಎಂಜಿನ್ನಿನ ಆಮದು ಸೆಟ್ಟಿಂಗ್‌ನಲ್ಲೋ ಒಂದೆರಡು ಮಾಡ್ಯೂಲ್‌ಗಳ ಯುವಿಯಲ್ಲೋ, ಅಂದರೆ ಮಾಡ್ಯೂಲಿನ ಯಾವ ಮುಖಕ್ಕೆ ಶೀಟಿನ ಯಾವ ಭಾಗ ಎಂದು ಹೇಳುವ ನಕ್ಷೆಯಲ್ಲೋ, ಇದ್ದವು. ಆದ್ದರಿಂದ ಈ ಕೈಪಿಡಿಯಲ್ಲಿ ಮೊದಲು ಸೆಟ್ಟಿಂಗ್, ಅನಂತರ ಯುವಿ ಹಾಗೂ ಮೆಶ್, ಕಟ್ಟಕಡೆಗೆ ಶೀಟು ಎಂಬ ಕ್ರಮವನ್ನು ಅನುಸರಿಸಲಾಗಿದೆ.

ಉದಾಹರಣೆಗೆ ಉದ್ದಕ್ಕೂ ಒಂದೇ ಶೀಟನ್ನು ಇಟ್ಟುಕೊಳ್ಳೋಣ. ಅದು ಲೋಹದ ಕಾರಿಡಾರ್ ಒಂದಕ್ಕಾಗಿ ನಾನು ಮಾಡಿದ 2048 × 2048 ಪಿಕ್ಸೆಲ್‌ನ ಶೀಟು. ಒಂದು ಮೀಟರಿಗೆ 512 ಪಿಕ್ಸೆಲ್ ಎಂಬ ಸಾಂದ್ರತೆಯನ್ನು ಗೊತ್ತುಮಾಡಿಕೊಂಡಿದ್ದರಿಂದ ಶೀಟಿನ ಅಗಲ ಸರಿಯಾಗಿ 4 ಮೀಟರ್ ಆಗುತ್ತದೆ. ಪಟ್ಟಿಗಳೆಲ್ಲ ಅಡ್ಡಲಾಗಿ ಹರಿದಿದ್ದು, ಅಡ್ಡ ದಿಕ್ಕಿನಲ್ಲಿ ಮಾತ್ರ ಪುನರಾವರ್ತನೆಯಾಗುತ್ತವೆ. ಮೇಲಿನಿಂದ ಕೆಳಕ್ಕೆ 1024 ಪಿಕ್ಸೆಲ್ ಎತ್ತರದ ಗೋಡೆ ಫಲಕ, 256ರ ಮೇಲಂಚು, 128ರ ಕೇಬಲ್ ಪಟ್ಟಿ, 128ರ ಹಳದಿ ಎಚ್ಚರಿಕೆ ಪಟ್ಟಿ, 256ರ ಬೂದು ಅಡಿಪಟ್ಟಿ, 128ರ ರಿವೆಟ್ ಪಟ್ಟಿ ಮತ್ತು ಕೊನೆಗೆ 64ರ ಎರಡು ಕಿರು ಅಂಚುಪಟ್ಟಿಗಳು ಇವೆ. ಇವುಗಳ ಮೊತ್ತ 2048.

## ಆರಂಭಿಸುವ ಮುನ್ನ ಎರಡು ಎಚ್ಚರಿಕೆ

ಶೀಟಿನ ಪದರಗಳಿರುವ ಮೂಲ ಕಡತವನ್ನೂ ಈಗ ಬಳಕೆಯಲ್ಲಿರುವ ರಫ್ತು ಚಿತ್ರಗಳನ್ನೂ ಬೇರೊಂದು ಕಡೆ ಪ್ರತಿ ಮಾಡಿಟ್ಟುಕೊಳ್ಳಿ, ಅಥವಾ ಆವೃತ್ತಿ ನಿಯಂತ್ರಣದಲ್ಲಿ ದಾಖಲಿಸಿ. ಅದೇ ಹೆಸರಿನಲ್ಲಿ ಹೊಸ ಚಿತ್ರವನ್ನು ಬರೆದು ಬಿಟ್ಟರೆ ಎಂಜಿನ್ ಅದನ್ನು ಸದ್ದಿಲ್ಲದೆ ಮರು ಆಮದು ಮಾಡಿಕೊಳ್ಳುವ ಸಾಧ್ಯತೆಯಿದೆ. ಆಗ ಹಳೆಯದಕ್ಕೂ ಹೊಸದಕ್ಕೂ ಹೋಲಿಸಿ ನೋಡಲು ಏನೂ ಉಳಿದಿರುವುದಿಲ್ಲ.

ಎರಡನೆಯದಾಗಿ, ಪಟ್ಟಿಯ ಒಳಗಿನ ಚಿತ್ರವನ್ನು ಬದಲಿಸುವುದು ಒಂದು ಮಾತು, ಪಟ್ಟಿಯ ಸ್ಥಾನವನ್ನು ಬದಲಿಸುವುದು ಮತ್ತೊಂದು ಮಾತು. ಮೊದಲನೆಯದರಲ್ಲಿ ಮಾಡ್ಯೂಲ್‌ಗಳ ಯುವಿ ಹಾಗೆಯೇ ಉಳಿಯುತ್ತದೆ. ಎರಡನೆಯದರಲ್ಲಿ ಆ ಪಟ್ಟಿಯನ್ನು ಬಳಸುವ ಪ್ರತಿಯೊಂದು ಮಾಡ್ಯೂಲಿನ ಯುವಿಯೂ ಸುಳ್ಳಾಗುತ್ತದೆ. ಈ ಎರಡನೆಯ ಬಗೆಯ ಬದಲಾವಣೆಯನ್ನು ಒಬ್ಬರೇ, ಯಾರಿಗೂ ತಿಳಿಸದೆ ಮಾಡಬಾರದು.

ಎಲ್ಲ ಪರೀಕ್ಷೆಗಳಿಗೂ ಉಪಯೋಗವಾಗುವ ಒಂದು ಸಾಧನವನ್ನು ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಶೀಟಿನ ಅಳತೆಯದೇ ಇನ್ನೊಂದು ಚಿತ್ರದಲ್ಲಿ ಪ್ರತಿ ಪಟ್ಟಿಗೂ ಒಂದೊಂದು ಗಾಢವಾದ ಬಣ್ಣ ತುಂಬಿ, ಅದರ ಮೇಲೆ 64 ಪಿಕ್ಸೆಲ್‌ನ ಚೌಕಗಳನ್ನು ಎಳೆದು, ಪಟ್ಟಿಯ ಹೆಸರನ್ನು ಬರೆಯಿರಿ. ಮೂಲ ಶೀಟಿನ ಬದಲು ಇದನ್ನು ಹಾಕಿದಾಗ ಯಾವ ಮುಖ ಯಾವ ಪಟ್ಟಿಯಲ್ಲಿದೆ, ಎಲ್ಲಿ ಹಿಗ್ಗಿದೆ, ಎಲ್ಲಿ ತಲೆಕೆಳಗಾಗಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಮುಂದೆ ಇದನ್ನು ಬಣ್ಣದ ಶೀಟು ಎಂದು ಕರೆಯುತ್ತೇನೆ.

## ಲಕ್ಷಣ: ದೂರ ಸರಿದಂತೆ ಪಟ್ಟಿಯ ಅಂಚಿನಲ್ಲಿ ಪಕ್ಕದ ಬಣ್ಣದ ಗೆರೆ ಕಾಣುತ್ತದೆ

ಹತ್ತಿರದಿಂದ ಸ್ವಚ್ಛವಾಗಿ ಕಾಣುವ ಗೋಡೆಯಿಂದ ಹಿಂದೆ ಸರಿಯುತ್ತ ಹೋದಂತೆ, ಬೂದು ಅಡಿಪಟ್ಟಿಯ ಮೇಲಂಚಿನಲ್ಲಿ ಕೂದಲೆಳೆಯಷ್ಟು ಹಳದಿ ಗೆರೆ ಮೂಡಿ, ಇನ್ನೂ ದೂರ ಹೋದಂತೆ ದಪ್ಪವಾಗುತ್ತದೆ. ಶೀಟಿನಲ್ಲಿ ಆ ಅಡಿಪಟ್ಟಿಯ ಮೇಲಿರುವುದು ಹಳದಿ ಎಚ್ಚರಿಕೆ ಪಟ್ಟಿ ಎಂಬುದನ್ನು ನೆನಪಿಸಿಕೊಂಡರೆ ಗೆರೆ ಎಲ್ಲಿಂದ ಬಂತೆಂದು ಊಹಿಸಬಹುದು. ಆದರೆ ಹೇಗೆ ಬಂತೆಂಬುದಕ್ಕೆ ಮೂರು ಉತ್ತರಗಳಿವೆ, ಮೂರಕ್ಕೂ ಮದ್ದು ಬೇರೆ ಬೇರೆ.

ಮೊದಲ ಪರೀಕ್ಷೆಗೆ ಖರ್ಚೇನೂ ಇಲ್ಲ. ಟೆಕ್ಸ್ಚರಿನ ಸೆಟ್ಟಿಂಗ್‌ನಲ್ಲಿ ಮಿಪ್‌ಮ್ಯಾಪ್‌ಗಳನ್ನು, ಅಂದರೆ ದೂರದ ನೋಟಕ್ಕೆ ಬಳಕೆಯಾಗುವ ಚಿತ್ರದ ಕಿರಿದಾದ ಪ್ರತಿಗಳನ್ನು, ತಾತ್ಕಾಲಿಕವಾಗಿ ಆಫ್ ಮಾಡಿ. ಅನ್‌ರಿಯಲ್‌ನಲ್ಲಿ `Mip Gen Settings` ಅನ್ನು `NoMipmaps` ಮಾಡಬೇಕು. ಯೂನಿಟಿಯ ಆಮದು ಸೆಟ್ಟಿಂಗ್‌ನಲ್ಲಿ ಮಿಪ್‌ಮ್ಯಾಪ್ ಸೃಷ್ಟಿಸುವ ಆಯ್ಕೆಯ ಗುರುತನ್ನು ತೆಗೆಯಬೇಕು. ದೂರದ ಗೆರೆ ಹೋದರೆ ಕಾರಣ ಮಿಪ್ ಸೋರಿಕೆ. ಹೋಗದಿದ್ದರೆ ಸಂಕೋಚನವನ್ನೂ ಆಫ್ ಮಾಡಿ ನೋಡಿ. ಈಗ ಹೋದರೆ ಕಾರಣ ಸಂಕೋಚನದ ಚೌಕ: ಡೆಸ್ಕ್‌ಟಾಪ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಿಸಿ1, ಬಿಸಿ7ರಂತಹ ವಿಧಾನಗಳು 4 × 4 ಪಿಕ್ಸೆಲ್‌ಗಳ ಚೌಕವನ್ನು ಒಟ್ಟಾಗಿ ಸಂಕೋಚಿಸುವುದರಿಂದ, ಪಟ್ಟಿಯ ಗಡಿ 4ರಿಂದ ಭಾಗವಾಗದ ಸಾಲಿನಲ್ಲಿದ್ದರೆ ಒಂದೇ ಚೌಕದೊಳಗೆ ಎರಡು ಪಟ್ಟಿಗಳ ಬಣ್ಣ ಬೆರೆಯುತ್ತದೆ. ಎರಡಕ್ಕೂ ಗೆರೆ ಜಗ್ಗದಿದ್ದರೆ ಮಾಡ್ಯೂಲಿನ ಯುವಿಯೇ ಗಡಿ ದಾಟಿದೆ ಎಂದರ್ಥ. ಪರೀಕ್ಷೆ ಮುಗಿದ ಮೇಲೆ ಸೆಟ್ಟಿಂಗ್‌ಗಳನ್ನು ಮೊದಲಿನಂತೆ ಮಾಡಲು ಮರೆಯಬೇಡಿ. ಮಿಪ್ ಇಲ್ಲದ ಟೆಕ್ಸ್ಚರು ದೂರದಲ್ಲಿ ಮಿನುಗುತ್ತದೆ, ಆದ್ದರಿಂದ ಅದು ಪರಿಹಾರವಲ್ಲ.

ಯುವಿ ಗಡಿ ದಾಟಿದೆಯೇ ಎಂದು ಬಣ್ಣದ ಶೀಟಿನಲ್ಲಿ ಕಣ್ಣಿನಿಂದಲೇ ನೋಡಬಹುದು. ಮಾಡ್ಯೂಲ್ ದೊಡ್ಡದಾಗಿದ್ದರೆ ಬ್ಲೆಂಡರಿನಲ್ಲಿ ಆಬ್ಜೆಕ್ಟ್ ಮೋಡ್‌ನಲ್ಲಿದ್ದು ಈ ಕೆಲವು ಸಾಲುಗಳನ್ನು ಓಡಿಸುವುದು ಸುಲಭ. ಇದು ಎರಡು ಪಟ್ಟಿಗಳ ಮೇಲೆ ಹಾಸಿಕೊಂಡಿರುವ ಮುಖಗಳ ಕ್ರಮಸಂಖ್ಯೆಯನ್ನೂ ಅವು ದಾಟಿದ ಗಡಿಯನ್ನೂ ತೋರಿಸುತ್ತದೆ.

```python
import bpy
H = 2048
cuts = [1024, 1280, 1408, 1536, 1792, 1920, 1984]
me = bpy.context.object.data
uv = me.uv_layers.active.data
for p in me.polygons:
    ys = [(1 - uv[i].uv.y) * H for i in p.loop_indices]
    for c in cuts:
        if min(ys) < c - 0.5 and max(ys) > c + 0.5:
            print(p.index, c)
```

`cuts` ಎಂಬಲ್ಲಿ ನಿಮ್ಮ ಶೀಟಿನ ಗಡಿಗಳನ್ನು ಮೇಲಿನಿಂದ ಎಣಿಸಿ ಬರೆಯಬೇಕು. ಬ್ಲೆಂಡರಿನಲ್ಲಿ ಯುವಿಯ ಎತ್ತರವನ್ನು ಕೆಳಗಿನಿಂದ ಎಣಿಸುವುದರಿಂದ ಅದನ್ನು 1ರಿಂದ ಕಳೆಯಲಾಗಿದೆ.

ಮಿಪ್ ಸೋರಿಕೆಯೇ ಕಾರಣ ಎಂದು ಖಚಿತವಾದರೆ ಅದರ ಲೆಕ್ಕವನ್ನು ಅರ್ಥಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಎಷ್ಟು ಅಂತರ ಬಿಡಬೇಕೆಂಬುದು ಊಹೆಯ ವಿಷಯವಲ್ಲ. ಪ್ರತಿ ಮಿಪ್ ಹಂತದಲ್ಲೂ ಚಿತ್ರದ ಉದ್ದಗಲಗಳು ಅರ್ಧಕ್ಕಿಳಿಯುತ್ತವೆ. ಮೂರನೆಯ ಹಂತದ ಒಂದು ಚುಕ್ಕೆ ಮೂಲದ 8 ಪಿಕ್ಸೆಲ್‌ಗಳಷ್ಟು, ನಾಲ್ಕನೆಯದು 16ರಷ್ಟು ಅಗಲವಿರುತ್ತದೆ. ಎಂಜಿನ್ ಬಣ್ಣವನ್ನು ಓದುವಾಗ ಅಕ್ಕಪಕ್ಕದ ಚುಕ್ಕೆಗಳನ್ನು ಬೆರೆಸುತ್ತದೆಯಾದ್ದರಿಂದ, ಯುವಿಯ ಅಂಚು ಗಡಿಯಿಂದ ಅರ್ಧ ಚುಕ್ಕೆಗಿಂತ ಹತ್ತಿರವಿದ್ದರೆ ಆಚೆಯ ಬಣ್ಣ ಒಳಗೆ ಬರುತ್ತದೆ. ನನ್ನ ಶೀಟಿನಲ್ಲಿ ಯುವಿಯನ್ನು ಗಡಿಯಿಂದ ಕೇವಲ 2 ಪಿಕ್ಸೆಲ್ ಒಳಗೆ ಇಡಲಾಗಿತ್ತು. ಅದು ಎರಡನೆಯ ಹಂತದವರೆಗೆ ಸಾಕು, ಮೂರನೆಯದಕ್ಕೆ ಸಾಲದು.

ಈ ಹಂತಗಳು ಎಷ್ಟು ದೂರದಲ್ಲಿ ಬರುತ್ತವೆ? 1920 ಪಿಕ್ಸೆಲ್ ಅಗಲದ ಪರದೆ, 90 ಡಿಗ್ರಿ ನೋಟದ ಕೋನ, ಮೀಟರಿಗೆ 512 ಪಿಕ್ಸೆಲ್ ಸಾಂದ್ರತೆ ಎಂದಿಟ್ಟುಕೊಂಡರೆ, ಎದುರಿಗೆ ನಿಂತ ಗೋಡೆ ಸುಮಾರು 1.9 ಮೀಟರ್ ದೂರದಲ್ಲಿ ಮೂಲ ಚಿತ್ರವನ್ನು ಪೂರ್ತಿಯಾಗಿ ಬಳಸುತ್ತದೆ. ಅಲ್ಲಿಂದ ದೂರ ಇಮ್ಮಡಿಯಾದಾಗಲೆಲ್ಲ ಒಂದು ಹಂತ ಮೇಲಕ್ಕೆ: ಎರಡನೆಯದು 7.5 ಮೀಟರ್, ಮೂರನೆಯದು 15, ನಾಲ್ಕನೆಯದು 30 ಮೀಟರ್. ಹಂತಗಳ ನಡುವೆ ಎಂಜಿನ್ ಎರಡನ್ನೂ ಬೆರೆಸುವುದರಿಂದ ನನ್ನ ಹಳದಿ ಗೆರೆ 8 ಮೀಟರ್ ಆಸುಪಾಸಿನಲ್ಲಿ ತಲೆ ಎತ್ತುತ್ತಿದ್ದುದು ಈ ಲೆಕ್ಕಕ್ಕೆ ಸರಿಯಾಗಿ ಕೂಡಿಬಂತು.

ಕಾರಿಡಾರಿನಂತಹ ಜಾಗದಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅಲ್ಲಿ ಗೋಡೆಯನ್ನು ಓರೆಯಾಗಿ ನೋಡುತ್ತೇವೆ. ಅದರ ಉದ್ದ ಕುಗ್ಗಿ ಕಾಣುತ್ತದೆ, ಎತ್ತರ ಹಾಗೆ ಕುಗ್ಗುವುದಿಲ್ಲ. ಅನೈಸೊಟ್ರೊಪಿಕ್ ಫಿಲ್ಟರಿಂಗ್ ಇಲ್ಲದಿದ್ದರೆ ಎಂಜಿನ್ ಆ ಕುಗ್ಗಿದ ದಿಕ್ಕನ್ನು ನೋಡಿ ಮಿಪ್ ಹಂತವನ್ನು ಆರಿಸುತ್ತದೆ, ಅದರ ಫಲವಾಗಿ ಸೋರಿಕೆ ಇನ್ನೂ ಬೇಗ ಕಾಣುತ್ತದೆ. ಆದ್ದರಿಂದ ಶೀಟನ್ನು ಮುಟ್ಟುವ ಮೊದಲು ಆ ಫಿಲ್ಟರಿಂಗ್ ಮಟ್ಟವನ್ನು ಏರಿಸಿ ನೋಡಿ. ನನ್ನ ಸಂದರ್ಭದಲ್ಲಿ ಗೆರೆ ಬಹಳಷ್ಟು ತೆಳುವಾಯಿತು, ಪೂರ್ತಿ ಹೋಗಲಿಲ್ಲ.

ಪಠ್ಯಪುಸ್ತಕದ ಪರಿಹಾರವೆಂದರೆ ಪಟ್ಟಿಗಳ ನಡುವೆ ಅಂತರ ಹೆಚ್ಚಿಸುವುದು. ಹಾಗೆ ಮಾಡಿದರೆ ಕೆಳಗಿನ ಪಟ್ಟಿಗಳೆಲ್ಲ ಜರುಗಿ, ಆಗಲೇ ಸಿದ್ಧವಾಗಿದ್ದ ಎಲ್ಲ ಮಾಡ್ಯೂಲ್‌ಗಳ ಯುವಿಯನ್ನೂ ಮತ್ತೆ ಮಾಡಬೇಕಿತ್ತು. ಅಡಿಪಟ್ಟಿಯ ಯುವಿಯನ್ನು ಒಳಕ್ಕೆ ಎಳೆಯೋಣವೆಂದರೆ ಅದರ ಅಂಚಿನಲ್ಲಿದ್ದ ಇಳಿಜಾರು ಕತ್ತರಿಸಿಹೋಗುತ್ತಿತ್ತು. ಆಗ ಬಣ್ಣದ ಶೀಟು ಹಾಕಿ ಎಣಿಸಿದೆವು: ಅಡಿಪಟ್ಟಿ ಬಹುತೇಕ ಎಲ್ಲ ಮಾಡ್ಯೂಲ್‌ಗಳಲ್ಲಿತ್ತು, ಹಳದಿ ಪಟ್ಟಿ ಬರೀ ನಾಲ್ಕರಲ್ಲಿ. ಆದ್ದರಿಂದ ಜಾಗವನ್ನು ಹಳದಿ ಪಟ್ಟಿಯಿಂದಲೇ ತೆಗೆದುಕೊಂಡೆವು. ಅದರ ಕೆಳಗಿನ 16 ಪಿಕ್ಸೆಲ್‌ಗಳನ್ನು ಅಳಿಸಿ, ಅಡಿಪಟ್ಟಿಯ ಅಂಚಿನ ಸಾಲನ್ನೇ ಮೇಲಕ್ಕೆ ಹಿಗ್ಗಿಸಿ ತುಂಬಿದೆವು. ಇದನ್ನು ಬಣ್ಣದ ಚಿತ್ರದಲ್ಲಷ್ಟೇ ಅಲ್ಲದೆ ನಾರ್ಮಲ್ ಮತ್ತು ರಫ್‌ನೆಸ್ ಚಿತ್ರಗಳಲ್ಲೂ ಮಾಡಬೇಕು. ಹಳದಿ ಬಳಸುವ ನಾಲ್ಕು ಮಾಡ್ಯೂಲ್‌ಗಳ ಯುವಿಯನ್ನು ಮಾತ್ರ ಮೇಲಕ್ಕೆ ಎಳೆದೆವು.

ಹದಿನಾರೇ ಏಕೆ ಎಂದರೆ, ಹೊಸ ಗಡಿಯಾದ 1520 ಎಂಬ ಸಾಲು 16ರಿಂದ ಸರಿಯಾಗಿ ಭಾಗವಾಗುತ್ತದೆ. ನಾಲ್ಕನೆಯ ಮಿಪ್ ಹಂತದ ಯಾವ ಚುಕ್ಕೆಯೂ ಎರಡು ಬಣ್ಣಗಳ ಮೇಲೆ ಕೂರುವುದಿಲ್ಲ. ಕಾರಿಡಾರಿನ ಅತಿ ದೂರದ ನೋಟ 28 ಮೀಟರ್ ಇದ್ದುದರಿಂದ ನಾಲ್ಕನೆಯ ಹಂತದವರೆಗಿನ ಶುದ್ಧತೆ ಸಾಕಾಯಿತು. ಹಳದಿಯ ಅಂಚಿಗೆ ದೂರದಲ್ಲಿ ಒಂದಿಷ್ಟು ಬೂದು ಬೆರೆಯುವುದೇನೋ ಉಳಿಯಿತು, ಆದರೆ ಹಳದಿಯ ಮೇಲೆ ಬೂದು ಕೊಳೆಯಂತೆ ಕಾಣುತ್ತದೆಯೇ ಹೊರತು ಬೂದಿನ ಮೇಲಿನ ಹಳದಿಯಂತೆ ಕಣ್ಣಿಗೆ ಚುಚ್ಚುವುದಿಲ್ಲ. ಹೊಸ ಶೀಟು ಮಾಡುವವರು ಗಾಢ ವ್ಯತ್ಯಾಸವಿರುವ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿ ಇಡದಿದ್ದರೆ ಈ ದೋಷದ ಅರ್ಧ ಭಾಗ ಹುಟ್ಟುವುದೇ ಇಲ್ಲ. ಶೀಟಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಪಟ್ಟಿಗಳೂ ನೆರೆಹೊರೆಯವೇ ಎಂಬುದು ನೆನಪಿರಲಿ. ಎತ್ತರದ ದಿಕ್ಕಿನಲ್ಲೂ ಪುನರಾವರ್ತನೆ ಚಾಲೂ ಇದ್ದರೆ ಅವುಗಳ ನಡುವೆಯೂ ಸೋರಿಕೆಯಾಗುತ್ತದೆ.

## ಲಕ್ಷಣ: ಎರಡು ಮಾಡ್ಯೂಲ್ ಸೇರುವಲ್ಲಿ ಮಾದರಿ ತುಂಡಾಗಿ ಕಾಣುತ್ತದೆ

ಮೊದಲು ಇದು ಟೆಕ್ಸ್ಚರಿನ ದೋಷವೇ ಎಂದು ನೋಡಿ. ವೈರ್‌ಫ್ರೇಮ್ ನೋಟದಲ್ಲಿ ಸೇರುವಲ್ಲಿ ಎರಡು ಗೆರೆಗಳು ಕಂಡರೆ ಮಾಡ್ಯೂಲ್‌ಗಳ ನಡುವೆ ಬಿರುಕಿದೆ. ಅದು ಗ್ರಿಡ್ ಜೋಡಣೆಯ ಅಥವಾ ಪಿವಟ್ಟಿನ ತಪ್ಪು. ಒಂದೇ ಗೆರೆ ಇದ್ದು ಚಿತ್ತಾರ ಮಾತ್ರ ಕೂಡದಿದ್ದರೆ ಯುವಿಗೆ ಬನ್ನಿ.

ಯುವಿಯಲ್ಲಿ ನೋಡಬೇಕಾದ ಮೊದಲ ಸಂಗತಿ ಆರಂಭದ ಬಿಂದು. ಎಲ್ಲ ನೇರ ಮಾಡ್ಯೂಲ್‌ಗಳ ಎಡ ಅಂಚು ಅಡ್ಡ ದಿಕ್ಕಿನಲ್ಲಿ ಸರಿಯಾಗಿ 0 ಆಗಿರಬೇಕು. ಕೈಯಿಂದ ಸರಿಸಿದ ಯುವಿ 0.013ರಲ್ಲಿ ನಿಂತಿರುವುದು ಸಾಮಾನ್ಯ, ಅಷ್ಟೇ ಸಾಕು: 2048ರ ಶೀಟಿನಲ್ಲಿ ಅದು ಸುಮಾರು 27 ಪಿಕ್ಸೆಲ್, ಅಂದರೆ ಗೋಡೆಯ ಮೇಲೆ 5 ಸೆಂಟಿಮೀಟರಿಗಿಂತ ಹೆಚ್ಚು. ಸಂಖ್ಯೆಯನ್ನು ಟೈಪ್ ಮಾಡಿ ಸರಿಪಡಿಸಿ, ಕಣ್ಣಳತೆಯನ್ನು ನಂಬಬೇಡಿ.

ಆರಂಭ ಸರಿಯಿದ್ದೂ ತುಂಡಾದರೆ ಚಿತ್ತಾರದ ಅಂತರವೇ ಮಾಡ್ಯೂಲಿನ ಉದ್ದಕ್ಕೆ ಹೊಂದುತ್ತಿಲ್ಲ. ನನ್ನ ರಿವೆಟ್ ಪಟ್ಟಿಯಲ್ಲಿ 4 ಮೀಟರಿಗೆ 10 ರಿವೆಟ್‌ಗಳಿದ್ದವು, ಅಂದರೆ 40 ಸೆಂಟಿಮೀಟರಿಗೆ ಒಂದು. ಶೀಟು ತನ್ನಷ್ಟಕ್ಕೆ ದೋಷವಿಲ್ಲದೆ ಪುನರಾವರ್ತನೆಯಾಗುತ್ತಿತ್ತು. ಹಾಗಾಗಿ ಶೀಟನ್ನು ಮಾತ್ರ ನೋಡಿದವರಿಗೆ ತಪ್ಪು ಕಾಣುತ್ತಿರಲಿಲ್ಲ. ಗೋಡೆಯ ಉದ್ದ 3 ಮೀಟರ್. ಅದರಲ್ಲಿ ಹಿಡಿಯುವುದು ಏಳೂವರೆ ರಿವೆಟ್ ಅಂತರ. ಒಂದು ಗೋಡೆ ಅರ್ಧ ಅಂತರದಲ್ಲಿ ಮುಗಿದು, ಮುಂದಿನದು ಮತ್ತೆ ಮೊದಲಿನಿಂದ ಆರಂಭವಾಗುವಾಗ ಪ್ರತಿ ಕೂಡುವಿಕೆಯಲ್ಲೂ ಎರಡು ರಿವೆಟ್‌ಗಳು ಒಂದಕ್ಕೊಂದು ತೀರ ಹತ್ತಿರ ಬಂದು ನಿಲ್ಲುತ್ತಿದ್ದವು.

ಇದಕ್ಕೆ ಅಗ್ಗದ ಪರಿಹಾರ ಕೂಡುವಿಕೆಯ ಮೇಲೆ ಒಂದು ಕಂಬವನ್ನೋ ಪಟ್ಟಿಯನ್ನೋ ಇಡುವುದು. ವಿನ್ಯಾಸ ಒಪ್ಪಿದರೆ ಇದು ಅತ್ಯುತ್ತಮವೂ ಹೌದು, ಏಕೆಂದರೆ ನಿಜವಾದ ಕಟ್ಟಡಗಳಲ್ಲೂ ಫಲಕಗಳ ಕೂಡುವಿಕೆಯನ್ನು ಹಾಗೆಯೇ ಮುಚ್ಚುತ್ತಾರೆ. ಗೋಡೆಯ ನಾಲ್ಕು ರೂಪಗಳನ್ನು ಮಾಡಿ 0, 0.75, 0.5, 0.25ರಿಂದ ಆರಂಭಿಸಿದರೆ ಸಾಲು ಕೂಡುತ್ತದೆ, ಆದರೆ ಯಾವುದರ ಪಕ್ಕ ಯಾವುದು ಎಂದು ನೆನಪಿಡಬೇಕಾದ ಹೊರೆ ಜಾಗ ಜೋಡಿಸುವವರ ಮೇಲೆ ಬೀಳುತ್ತದೆ. ನಾನು ಅದನ್ನು ಸಲಹೆ ಮಾಡುವುದಿಲ್ಲ. ನಾವು ರಿವೆಟ್‌ಗಳನ್ನು 4 ಮೀಟರಿಗೆ 16 ಆಗುವಂತೆ ಮತ್ತೆ ಬರೆದೆವು. 25 ಸೆಂಟಿಮೀಟರಿಗೆ ಒಂದು, ಅಂದರೆ ಸರಿಯಾಗಿ 128 ಪಿಕ್ಸೆಲ್. 1, 2, 3 ಮೀಟರ್ ಯಾವ ಉದ್ದಕ್ಕೂ ಪೂರ್ಣ ಸಂಖ್ಯೆ. ಮೊದಲ ರಿವೆಟ್ಟನ್ನು ಅಂಚಿನ ಮೇಲೆ ಇಡದೆ 64 ಪಿಕ್ಸೆಲ್ ಒಳಗೆ ಇಟ್ಟದ್ದರಿಂದ ಯಾವ ರಿವೆಟ್ಟೂ ಕೂಡುವಿಕೆಯಲ್ಲಿ ಎರಡು ಹೋಳಾಗಲಿಲ್ಲ. ಪಟ್ಟಿಯ ಸ್ಥಾನ ಬದಲಾಗದ ಕಾರಣ ಒಂದೇ ಒಂದು ಯುವಿಯನ್ನೂ ಮುಟ್ಟಬೇಕಾಗಲಿಲ್ಲ.

ಚಿತ್ತಾರ ಕೂಡಿದ ಮೇಲೂ ಕಲೆ ಅಥವಾ ಗೀರು ತುಂಡಾಗಿ ಕಾಣಬಹುದು. 3 ಮೀಟರಿನ ಗೋಡೆ ಶೀಟಿನ 0.75ರಲ್ಲಿ ಮುಗಿಯುವುದರಿಂದ ಅಲ್ಲಿ ಹಾದುಹೋಗುವ ದೊಡ್ಡ ಕಲೆ ಕತ್ತರಿಸಿದಂತೆ ನಿಲ್ಲುತ್ತದೆ, 0.2ರಲ್ಲಿರುವ ಗೀರು ಪ್ರತಿ ಗೋಡೆಯಲ್ಲೂ ಅದೇ ಜಾಗದಲ್ಲಿ ಬರುತ್ತದೆ. ಗುರುತು ಹಿಡಿಯಬಲ್ಲಂತಹ ಯಾವ ಕಲೆಯೂ ಶೀಟಿನಲ್ಲಿ ಇರಬಾರದು; ಅವನ್ನು ಡೆಕಾಲ್ ಅಥವಾ ವರ್ಟೆಕ್ಸ್ ಬಣ್ಣದ ಮೂಲಕ ಸೇರಿಸಬೇಕು.

## ಲಕ್ಷಣ: ತೋಡುಗಳು ಉಬ್ಬಿ ಕಾಣುತ್ತವೆ, ಅಥವಾ ಮೂಲೆಗಳು ಊದಿಕೊಂಡಂತೆ ತೋರುತ್ತವೆ

ಈ ಎರಡನ್ನು ಒಂದೇ ದೋಷವೆಂದು ತಿಳಿದು ಕಾಲ ಕಳೆಯುವವರಿದ್ದಾರೆ. ತೋಡು ಉಬ್ಬಾಗಿ ಕಾಣುವುದು ನಾರ್ಮಲ್ ಮ್ಯಾಪಿನ ಹಸಿರು ಚಾನೆಲ್ ತಲೆಕೆಳಗಾದುದರ ಗುರುತು. ಅನ್‌ರಿಯಲ್ ಒಂದು ದಿಕ್ಕನ್ನು ನಿರೀಕ್ಷಿಸುತ್ತದೆ, ಯೂನಿಟಿ ಮತ್ತು ಬ್ಲೆಂಡರ್ ಅದರ ವಿರುದ್ಧ ದಿಕ್ಕನ್ನು. ಬೇರೆ ವಸ್ತುಗಳಲ್ಲಿ ಈ ತಪ್ಪು ಅರ್ಧಂಬರ್ಧ ಕಾಣುತ್ತದೆ. ಟ್ರಿಮ್ ಶೀಟಿನಲ್ಲಿ ಪಟ್ಟಿಗಳೆಲ್ಲ ಅಡ್ಡಲಾಗಿರುವುದರಿಂದ ಉಬ್ಬುತಗ್ಗುಗಳು ಬಹುಪಾಲು ಮೇಲೆ-ಕೆಳಗಿನ ದಿಕ್ಕಿನವು, ಆದಕಾರಣ ಎಲ್ಲವೂ ಒಮ್ಮೆಲೇ ತಿರುವುಮುರುವಾಗುತ್ತದೆ. ಖಚಿತಪಡಿಸಿಕೊಳ್ಳಲು ನಾರ್ಮಲ್ ಮ್ಯಾಪ್ ತೆರೆದು, ಪಟ್ಟಿಯ ಮೇಲಂಚಿನಲ್ಲಿ ಮೇಲ್ಮುಖವಾಗಿ 45 ಡಿಗ್ರಿ ಇಳಿಜಾರಿರುವ ಜಾಗದ ಬಣ್ಣವನ್ನು ಓದಿ. ಹಸಿರು 218ರ ಸಮೀಪವಿದ್ದರೆ ಅದು ಯೂನಿಟಿ, ಬ್ಲೆಂಡರ್‌ಗಳ ರೂಢಿ. 37ರ ಸಮೀಪವಿದ್ದರೆ ಅನ್‌ರಿಯಲ್‌ನದು. ಅನ್‌ರಿಯಲ್‌ನ ಟೆಕ್ಸ್ಚರ್ ಸೆಟ್ಟಿಂಗ್‌ನಲ್ಲಿ `Flip Green Channel` ಎಂಬ ಒಂದು ಗುರುತು ಇದನ್ನು ಸರಿಪಡಿಸುತ್ತದೆ.

ಅದೇ ಕಿಟಕಿಯಲ್ಲಿ `sRGB` ಎಂಬುದನ್ನೂ ನೋಡಿಬಿಡಿ. ನಾರ್ಮಲ್ ಮ್ಯಾಪಿಗೆ ಅದು ಚಾಲೂ ಇದ್ದರೆ ಸಮತಟ್ಟಾದ ಮೇಲ್ಮೈಯ ನಡುಮೌಲ್ಯ 0.5ರಿಂದ ಸುಮಾರು 0.21ಕ್ಕೆ ಇಳಿದು, ಇಡೀ ಗೋಡೆ ಒಂದು ಕಡೆಗೆ ವಾಲಿದಂತೆ ಬೆಳಕು ಬೀಳುತ್ತದೆ. ರಫ್‌ನೆಸ್‌ಗೆ ಚಾಲೂ ಇದ್ದರೆ ಎಲ್ಲವೂ ಒದ್ದೆಯಾದಂತೆ ಹೊಳೆಯುತ್ತದೆ.

ಮೂಲೆಗಳು ಊದಿಕೊಳ್ಳುವುದು ಬೇರೆಯೇ ಕಥೆ. ಪಟ್ಟಿಯ ಅಂಚಿನಲ್ಲಿ 45 ಡಿಗ್ರಿಯ ಇಳಿಜಾರನ್ನು ನಾರ್ಮಲ್ ಮ್ಯಾಪಿನಲ್ಲಿ ಬರೆದಿಡುವುದು ಟ್ರಿಮ್ ಶೀಟಿನ ಅತ್ಯಂತ ಉಪಯುಕ್ತ ಉಪಾಯ. ಹೊರಮೂಲೆಯಲ್ಲಿ ಎರಡು ಮುಖಗಳು 90 ಡಿಗ್ರಿಯಲ್ಲಿ ಸೇರುವಾಗ ಎರಡೂ ಅಂಚುಗಳು ಒಂದರ ಕಡೆಗೊಂದು 45 ಡಿಗ್ರಿ ಬಾಗಿರುವುದರಿಂದ, ಸೇರುವ ಗೆರೆಯಲ್ಲಿ ಎರಡರ ದಿಕ್ಕೂ ಒಂದೇ ಆಗಿ, ಒಂದೂ ಹೆಚ್ಚಿನ ಪಾಲಿಗನ್ ಇಲ್ಲದೆ ಮೂಲೆ ಉರುಟಾಗಿ ಕಾಣುತ್ತದೆ. ಆದರೆ ಇದು ಕೆಲಸ ಮಾಡಬೇಕಾದರೆ ಮೆಶ್ಶಿನ ಆ ಅಂಚು ಗಡುಸಾಗಿರಬೇಕು, ಅಂದರೆ ಪ್ರತಿ ಮುಖದ ವರ್ಟೆಕ್ಸ್ ನಾರ್ಮಲ್ ಆ ಮುಖಕ್ಕೆ ಲಂಬವಾಗಿರಬೇಕು. ಅಲ್ಲಿ ಸ್ಮೂತ್ ಶೇಡಿಂಗ್ ಉಳಿದಿದ್ದರೆ ವರ್ಟೆಕ್ಸ್ ನಾರ್ಮಲ್ ಆಗಲೇ 45 ಡಿಗ್ರಿ ಬಾಗಿದೆ. ಅದರ ಮೇಲೆ ಮ್ಯಾಪಿನ 45 ಸೇರಿ ಅಂಚು 90 ಡಿಗ್ರಿ ಬಾಗಿದಂತಾಗುತ್ತದೆ. ಆಗ ಅಂಚಿನಲ್ಲಿ ಕಪ್ಪು ಅಥವಾ ಬೆಳ್ಳನೆಯ ಗೆರೆಯೂ, ಗೋಡೆಯ ತುಂಬ ದಿಂಬಿನಂತಹ ಛಾಯೆಯೂ ಬರುತ್ತದೆ.

ಇದನ್ನು ಬೇರ್ಪಡಿಸುವ ಪರೀಕ್ಷೆ ಸರಳ. ನಾರ್ಮಲ್ ಮ್ಯಾಪಿನ ಜಾಗದಲ್ಲಿ 128, 128, 255 ಎಂಬ ಒಂದೇ ಬಣ್ಣದ ಚಿತ್ರ ಹಾಕಿ. ದಿಂಬಿನ ಛಾಯೆ ಹಾಗೆಯೇ ಉಳಿದರೆ ತಪ್ಪು ಮೆಶ್ಶಿನದು; ಅಂಚನ್ನು ಗಡುಸು ಮಾಡಿ ಮತ್ತೆ ರಫ್ತು ಮಾಡಿ. ಛಾಯೆ ಹೋಗಿ ಮುಖ ಚಪ್ಪಟೆಯಾದರೆ ಮ್ಯಾಪನ್ನು ಅನುಮಾನಿಸಬೇಕು.

ಹೊರಮೂಲೆಗಳೆಲ್ಲ ಸರಿಯಿದ್ದು ಒಳಮೂಲೆಯಲ್ಲಿ ಮಾತ್ರ ವಿಚಿತ್ರವಾದ ತೋಡು ಕಂಡರೆ ಕಾರಣ ಬೇರೆ. ಹೊರಮೂಲೆಗೆಂದು ಬರೆದ ಇಳಿಜಾರು ಒಳಮೂಲೆಯಲ್ಲಿ ತದ್ವಿರುದ್ಧ ದಿಕ್ಕಿಗೆ ಬಾಗಿರುತ್ತದೆ. ಅಲ್ಲಿ ಇಳಿಜಾರಿರುವ ಅಂಚನ್ನು ಬಿಟ್ಟು, ಪಟ್ಟಿಯ ಸಮತಟ್ಟಾದ ಭಾಗದಲ್ಲೇ ಯುವಿ ಮುಗಿಯುವಂತೆ ಒಳಕ್ಕೆ ಎಳೆದರೆ ಸಾಕು.

## ಲಕ್ಷಣ: ಒಂದು ಮಾಡ್ಯೂಲ್ ಮಸುಕು, ಪಕ್ಕದ್ದು ಸ್ಪಷ್ಟ, ದುಂಡಗಿನ ರಿವೆಟ್ ಮೊಟ್ಟೆಯಾಕಾರ

ಇದನ್ನು ಅಳೆಯಲು ಒಂದೇ ಸೂತ್ರ ಸಾಕು:

```
ಸಾಂದ್ರತೆ = ಯುವಿ ಉದ್ದ × 2048 ÷ ಮೀಟರ್‌ಗಳಲ್ಲಿ ಉದ್ದ
```

3 ಮೀಟರಿನ ಗೋಡೆ ಅಡ್ಡಲಾಗಿ 0.75 ತೆಗೆದುಕೊಂಡಿದ್ದರೆ ಉತ್ತರ 512, ಸರಿಯಿದೆ. ಯಾರೋ ಅದನ್ನು 0ರಿಂದ 1ರವರೆಗೆ ಎಳೆದಿದ್ದರೆ 683 ಬರುತ್ತದೆ, ರಿವೆಟ್‌ಗಳು ಅಡ್ಡಲಾಗಿ ಕುಗ್ಗುತ್ತವೆ. ಎತ್ತರದ ದಿಕ್ಕನ್ನು ಪ್ರತ್ಯೇಕವಾಗಿ ಅಳೆಯಿರಿ, ಏಕೆಂದರೆ ತಪ್ಪು ಹೆಚ್ಚಾಗಿ ಅಲ್ಲಿಯೇ ನಡೆಯುತ್ತದೆ: 256 ಪಿಕ್ಸೆಲ್‌ನ ಅಡಿಪಟ್ಟಿ 50 ಸೆಂಟಿಮೀಟರಿಗೆಂದೇ ಮಾಡಿದ್ದು, ಮಾಡೆಲ್ ಮಾಡಿದವರು 60 ಸೆಂಟಿಮೀಟರಿನ ಅಡಿಭಾಗ ಕಟ್ಟಿ ಅದನ್ನು ಹಿಗ್ಗಿಸಿದರೆ ಎತ್ತರದಲ್ಲಿ 427 ಮಾತ್ರ ಉಳಿಯುತ್ತದೆ. ಸಾದಾ ಲೋಹದ ಪಟ್ಟಿಯಲ್ಲಿ ಹತ್ತು ಪ್ರತಿಶತದಷ್ಟು ಹಿಗ್ಗು ಯಾರ ಕಣ್ಣಿಗೂ ಬೀಳುವುದಿಲ್ಲ, ನಾನು ಅದನ್ನು ತಿದ್ದಲು ಹೋಗುವುದಿಲ್ಲ. ದುಂಡಗಿನ ಆಕಾರವಿರುವ ಪಟ್ಟಿಯಲ್ಲಿ ಅಷ್ಟೇ ಹಿಗ್ಗು ಎದ್ದು ಕಾಣುತ್ತದೆ. ಅಲ್ಲಿ ಟೆಕ್ಸ್ಚರನ್ನಲ್ಲ, ಮೆಶ್ಶಿನ ಎತ್ತರವನ್ನೇ ಪಟ್ಟಿಗೆ ಹೊಂದಿಸಬೇಕು.

ಲೆಕ್ಕ ಸರಿ ಬಂದರೂ ಎಂಜಿನ್ನಿನಲ್ಲಿ ಹಿಗ್ಗಿದಂತೆ ಕಂಡರೆ ಮಾಡ್ಯೂಲಿನ ಸ್ಕೇಲ್ 1 ಇದೆಯೇ ಎಂದು ನೋಡಿ. ಜಾಗ ತುಂಬಿಸಲು ಗೋಡೆಯನ್ನು 1.3 ಪಟ್ಟು ಎಳೆದಿರುವುದು ಬಹಳ ಸಾಮಾನ್ಯ.

## ಲಕ್ಷಣ: ಬೆಳಕು ಬೇಕ್ ಮಾಡಿದ ಮೇಲೆ ಕಪ್ಪು ಕಲೆಗಳು

ಟ್ರಿಮ್ ಯುವಿಯಲ್ಲಿ ಹಲವಾರು ಮುಖಗಳು ಒಂದೇ ಪಟ್ಟಿಯ ಮೇಲೆ ಒಂದರ ಮೇಲೊಂದು ಕೂತಿರುತ್ತವೆ, 1ನ್ನು ದಾಟಿಯೂ ಹೋಗಿರುತ್ತವೆ. ಲೈಟ್‌ಮ್ಯಾಪಿಗೆ ಅದೇ ಯುವಿಯನ್ನು ಬಳಸಿದರೆ ಒಂದು ಮುಖದ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಯಾವುದೂ ಒಂದರ ಮೇಲೊಂದು ಬಾರದ ಎರಡನೆಯ ಯುವಿ ಚಾನೆಲ್ ಬೇಕು. ಅನ್‌ರಿಯಲ್ ಮತ್ತು ಯೂನಿಟಿ ಎರಡರಲ್ಲೂ `Generate Lightmap UVs` ಎಂಬ ಆಯ್ಕೆ ಇದನ್ನು ಮಾಡಿಕೊಡುತ್ತದೆ.

## ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಮೇಲಿನ ಪರೀಕ್ಷೆಗಳೆಲ್ಲ ಮುಗಿದು, ಪಟ್ಟಿಯೊಂದನ್ನು ಜರುಗಿಸದೆ ಗತಿಯಿಲ್ಲವೆಂದು ತೋರಿದರೆ ಅಲ್ಲಿಗೆ ನಿಲ್ಲಿಸಿ. ಆ ಪಟ್ಟಿಯನ್ನು ಎಷ್ಟು ಮಾಡ್ಯೂಲ್‌ಗಳು ಬಳಸುತ್ತವೆ ಎಂದು ಬಣ್ಣದ ಶೀಟಿನಿಂದ ಎಣಿಸಿ, ಆ ಎಣಿಕೆಯನ್ನು ತಂಡದ ಟೆಕ್ನಿಕಲ್ ಆರ್ಟಿಸ್ಟ್ ಬಳಿ ಒಯ್ಯಿರಿ. ಹಳೆಯ ಗಡಿಗಳಿಂದ ಹೊಸ ಗಡಿಗಳಿಗೆ ಯುವಿಯನ್ನು ಒಯ್ಯುವ ಸ್ಕ್ರಿಪ್ಟ್ ಬರೆದರೆ ಎಲ್ಲ ಮಾಡ್ಯೂಲ್‌ಗಳನ್ನೂ ಒಂದೇ ಸಲ ಬದಲಿಸಬಹುದು, ಆದರೆ ಅದನ್ನು ಓಡಿಸುವ ಹೊತ್ತಿನಲ್ಲಿ ಬೇರೆ ಯಾರೂ ಆ ಮೆಶ್‌ಗಳನ್ನು ತಿದ್ದುತ್ತಿರಬಾರದು.

ದೋಷ ಎಡಿಟರಿನಲ್ಲಿ ಕಾಣದೆ, ಸಿದ್ಧವಾದ ಆಟದಲ್ಲಿ ಅಥವಾ ಒಂದು ಬಗೆಯ ಯಂತ್ರದಲ್ಲಿ ಮಾತ್ರ ಕಂಡರೆ ಅದು ನಿಮ್ಮ ಶೀಟಿನದಾಗಿರುವ ಸಂಭವ ಕಡಿಮೆ. ಟೆಕ್ಸ್ಚರ್ ಸ್ಟ್ರೀಮಿಂಗ್ ಕಡಿಮೆ ಮಿಪ್ ಹಂತದಲ್ಲೇ ನಿಂತಿರಬಹುದು, ಅಥವಾ ಆ ವೇದಿಕೆಗೆ ಬೇರೆ ಸಂಕೋಚನ ಬಳಕೆಯಾಗಿರಬಹುದು. ಇದನ್ನು ಗ್ರಾಫಿಕ್ಸ್ ಪ್ರೋಗ್ರಾಮರ್ ನೋಡಬೇಕು. ಅವರ ಬಳಿ ಹೋಗುವಾಗ ಮೂರು ಚಿತ್ರಗಳನ್ನು ಒಯ್ಯಿರಿ: ದೋಷ ಕಾಣುವ ದೃಶ್ಯ, ಅದೇ ಕೋನದಲ್ಲಿ ಬಣ್ಣದ ಶೀಟಿನೊಂದಿಗೆ ತೆಗೆದ ದೃಶ್ಯ, ಮತ್ತು ಮಿಪ್ ಆಫ್ ಮಾಡಿ ತೆಗೆದ ದೃಶ್ಯ. ಕ್ಯಾಮೆರಾದಿಂದ ಗೋಡೆಗೆ ಇದ್ದ ದೂರವನ್ನು ಮೀಟರ್‌ಗಳಲ್ಲಿ ಬರೆದುಕೊಟ್ಟರೆ ಯಾವ ಮಿಪ್ ಹಂತದಲ್ಲಿ ತೊಂದರೆ ಆರಂಭವಾಯಿತೆಂದು ಅವರು ಲೆಕ್ಕ ಹಾಕಿಕೊಳ್ಳಬಲ್ಲರು.